ಹನ್ನೆರಡನೇ ಸೀಟಿಗೆ ಇಬ್ಬರು: ಬ್ಯಾಕೆಂಡ್ ಡೆವಲಪರ್ ಕೆಲಸ ಬಿಡುವಾಗ ಬರೆದಿಡುವ ನೋಟ್‌ನಲ್ಲಿ ಏನಿರುತ್ತದೆ?

ಬೆಂಗಳೂರಿನ ಐಟಿ ಮಂದಿಯ ಮಾತಿನಲ್ಲಿ ‘ನೋಟಿಸ್ ಪೀರಿಯಡ್’ ಮತ್ತು ‘ಕೆಟಿ’ ಎಂಬ ಎರಡು ಪದ ಸದಾ ಕಿವಿಗೆ ಬೀಳುತ್ತವೆ. ರಾಜೀನಾಮೆ ಕೊಟ್ಟ ಮೇಲೆ ಕೆಲಸ ಮಾಡಲೇಬೇಕಾದ ಒಂದೆರಡು ಮೂರು ತಿಂಗಳು ನೋಟಿಸ್ ಪೀರಿಯಡ್. ಆ ಅವಧಿಯಲ್ಲಿ ಗೊತ್ತಿರುವುದನ್ನೆಲ್ಲ ಮುಂದಿನವರಿಗೆ ದಾಟಿಸುವುದು ಕೆಟಿ. ಹೆಚ್ಚಿನ ಕಡೆ ಕೆಟಿ ಅಂದರೆ ನಾಲ್ಕೈದು ಮೀಟಿಂಗು, ಒಂದಷ್ಟು ರೆಕಾರ್ಡಿಂಗು. ಆ ರೆಕಾರ್ಡಿಂಗನ್ನು ಆಮೇಲೆ ಯಾರೂ ನೋಡುವುದಿಲ್ಲ. ನಿಜಕ್ಕೂ ಉಪಯೋಗಕ್ಕೆ ಬರುವುದು ಒಂದು ಬರಹ. ಎಲ್ಲೆಲ್ಲಿ ತಪ್ಪಿದೆ, ಎಲ್ಲೆಲ್ಲಿ ಮುಟ್ಟಿದರೆ ಮುರಿಯುತ್ತದೆ ಅಂತ ಹೋಗುವವರು ಬರೆದಿಡುವ ಹ್ಯಾಂಡೋವರ್ ನೋಟ್.

ನೀವು ಸಾಫ್ಟ್‌ವೇರ್‌ನವರೇ ಆಗಬೇಕಿಲ್ಲ. ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸಿಕೊಂಡಿದ್ದು, ಅದನ್ನು ನೋಡಿಕೊಳ್ಳುತ್ತಿದ್ದ ಒಬ್ಬನೇ ಹುಡುಗ ‘ಸಾರ್, ಬೇರೆ ಕಡೆ ಕೆಲಸ ಸಿಕ್ಕಿದೆ’ ಅಂದರೂ ನಿಮಗೆ ಇದೇ ನೋಟ್ ಬೇಕಾಗುತ್ತದೆ. ಅದರಲ್ಲಿ ಏನು ಕೇಳಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

## ಬ್ಯಾಕೆಂಡ್ ಅಂದರೆ ಏನು, ಅದಕ್ಕೆ ನೋಟ್ ಯಾಕೆ?

ಆ್ಯಪ್‌ನಲ್ಲಿ ನಮಗೆ ಕಾಣುವ ಬಟನ್ನು, ಬಣ್ಣ, ಪಟ್ಟಿ ಇವೆಲ್ಲ ಫ್ರಂಟೆಂಡ್. ಬಟನ್ ಒತ್ತಿದ ಮೇಲೆ ದೂರದ ಸರ್ವರ್‌ನಲ್ಲಿ ನಡೆಯುವುದು ಬ್ಯಾಕೆಂಡ್. ದುಡ್ಡು ಬಂತಾ ಅಂತ ನೋಡುವುದು, ಸೀಟು ಯಾರ ಹೆಸರಿಗೆ ಅಂತ ಡೇಟಾಬೇಸ್‌ನಲ್ಲಿ ಬರೆಯುವುದು, ಎಸ್ಸೆಮ್ಮೆಸ್ ಕಳಿಸುವುದು ಎಲ್ಲ ಅಲ್ಲೇ. ಬಟನ್ ಸೊಟ್ಟಗಿದ್ದರೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಬ್ಯಾಕೆಂಡಿನ ತಪ್ಪು ಹಾಗಲ್ಲ. ವಾರಗಟ್ಟಲೆ ಸುಮ್ನೆ ಕೂತಿದ್ದು ಹಬ್ಬದ ಹಿಂದಿನ ರಾತ್ರಿ ಹೊರಗೆ ಬರಬಹುದು.

ಇಂಥ ನೋಟ್‌ನಲ್ಲಿ ಎರಡು ಬಗೆಯ ವಿಷಯ ಇರುತ್ತದೆ, ಎರಡನ್ನೂ ಬೆರೆಸಬಾರದು. ಒಂದು, ಗೊತ್ತಿರುವ ಬಗ್. ಅಂದರೆ ಇವತ್ತೇ ತಪ್ಪಾಗಿ ನಡೆಯುತ್ತಿರುವುದು. ಇನ್ನೊಂದು, ನಾಜೂಕಿನ ಜಾಗ. ಇವತ್ತು ಸರಿಯಾಗೇ ನಡೆಯುತ್ತಿದೆ, ಆದರೆ ಯಾಕೆ ಸರಿಯಾಗಿದೆ ಅಂತ ಗೊತ್ತಿಲ್ಲದವರು ಕೈ ಹಾಕಿದರೆ ಕೆಡುತ್ತದೆ. ಬಾಡಿಗೆ ಮನೆ ಖಾಲಿ ಮಾಡುವವರು ಮುಂದಿನವರಿಗೆ ‘ಬಚ್ಚಲಿನ ನಲ್ಲಿ ಸೋರುತ್ತೆ’ ಅನ್ನುವುದು ಮೊದಲನೆಯ ಬಗೆ, ‘ಸಂಪು ಪೂರ್ತಿ ತುಂಬದೆ ಮೋಟರ್ ಹಾಕಬೇಡಿ’ ಅನ್ನುವುದು ಎರಡನೆಯದು. ನಲ್ಲಿ ಸೋರುವುದು ಹೇಗೂ ಕಣ್ಣಿಗೆ ಬೀಳುತ್ತದೆ. ಮೋಟರ್ ವಿಷಯ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುವುದು.

ಮುಂದಿನದೆಲ್ಲ ಒಂದೇ ಉದಾಹರಣೆಯ ಸುತ್ತ ಹೇಳುತ್ತೇನೆ. ರಾತ್ರಿ ಬಸ್ಸಿನ ಟಿಕೆಟ್ ಮಾರುವ ಒಂದು ಚಿಕ್ಕ ಸೈಟ್ ಇದೆ ಅಂದುಕೊಳ್ಳಿ. ಹುಬ್ಬಳ್ಳಿ–ಬೆಂಗಳೂರು, ಮಂಗಳೂರು–ಬೆಂಗಳೂರು, ಹೀಗೆ. ಸೈಟು ಕಲ್ಪನೆಯದು. ಅದರ ತೊಂದರೆಗಳು ಮಾತ್ರ ಇಂಥ ಕೆಲಸ ಮಾಡಿದವರಿಗೆಲ್ಲ ಪರಿಚಯ ಇರುವಂಥವು.

## ಮೊದಲ ಬಗ್: ಒಂದೇ ಸೀಟು, ಇಬ್ಬರು ಪ್ರಯಾಣಿಕರು

ಸೀಟ್ ಆರಿಸಿದ ಕೂಡಲೇ ಸೈಟು ಅದನ್ನು 10 ನಿಮಿಷ ನಿಮಗೆ ಹಿಡಿದಿಡುತ್ತದೆ. ಇದಕ್ಕೆ ‘ಹೋಲ್ಡ್’ ಅನ್ನುತ್ತಾರೆ. ಅಷ್ಟರೊಳಗೆ ದುಡ್ಡು ಬರದಿದ್ದರೆ ಸೀಟು ಮತ್ತೆ ಮಾರಾಟಕ್ಕೆ.

ದುಡ್ಡು ಬಂತು ಅಂತ ಸೈಟಿಗೆ ತಿಳಿಯುವುದು ಹೇಗೆ? ಗಿರಾಕಿಯ ದುಡ್ಡನ್ನು ನಮಗೆ ದಾಟಿಸುವ ಪೇಮೆಂಟ್ ಗೇಟ್‌ವೇ ಕಂಪನಿಯ ಕಂಪ್ಯೂಟರ್ ನಮ್ಮ ಸರ್ವರ್‌ಗೆ ತಾನಾಗಿಯೇ ಒಂದು ಸಂದೇಶ ಕಳಿಸುತ್ತದೆ. ಇದರ ಹೆಸರು ವೆಬ್‌ಹುಕ್. ಇದರ ಬಗ್ಗೆ ಹೊಸಬರಿಗೆ ಮೊದಲು ತಿಳಿಯಬೇಕಾದದ್ದು ಇಷ್ಟು: ವೆಬ್‌ಹುಕ್ ತಡವಾಗಿ ಬರಬಹುದು, ಒಂದೇ ಸಂದೇಶ ಎರಡು ಸಲ ಬರಬಹುದು, ಹಿಂದೆಮುಂದೆಯೂ ಆಗಬಹುದು. ಅದು ಗೇಟ್‌ವೇ ಕೆಟ್ಟಿರುವುದರ ಗುರುತಲ್ಲ. ಸಂದೇಶ ಕಳೆದುಹೋಗುವುದಕ್ಕಿಂತ ಎರಡು ಸಲ ಮುಟ್ಟುವುದೇ ವಾಸಿ ಅಂತ ಬೇಕೆಂದೇ ಹಾಗೆ ಕಟ್ಟಿರುತ್ತಾರೆ.

ಈಗ ಗಡಿಯಾರ ಇಟ್ಟುಕೊಂಡು ನೋಡೋಣ. ರಾತ್ರಿ 9:50ಕ್ಕೆ ಮೊದಲನೆಯವರು 12ನೇ ಸೀಟ್ ಆರಿಸಿ ಯುಪಿಐಯಲ್ಲಿ ದುಡ್ಡು ಹಾಕುತ್ತಾರೆ. ಬ್ಯಾಂಕಿನ ಕಡೆ ನಿಧಾನ, ಪೇಮೆಂಟ್ ‘ಪೆಂಡಿಂಗ್’ ಅಂತ ತೋರಿಸುತ್ತದೆ. 10:00ಕ್ಕೆ ಹೋಲ್ಡ್ ಮುಗಿಯಿತು, ಸೀಟು ಬಿಡುಗಡೆ. 10:02ಕ್ಕೆ ಎರಡನೆಯವರು ಅದೇ ಸೀಟ್ ಹಿಡಿದು, ಕೂಡಲೇ ದುಡ್ಡು ಕಟ್ಟಿ ಟಿಕೆಟ್ ಪಡೆದರು. 10:04ಕ್ಕೆ ಮೊದಲನೆಯವರ ವೆಬ್‌ಹುಕ್ ಬಂತು: ‘ದುಡ್ಡು ಬಂದಿದೆ’. ನಮ್ಮ ಕೋಡ್ ಹಿಂದೆಮುಂದೆ ನೋಡದೆ ಆ ಬುಕಿಂಗನ್ನೂ ಖಾತ್ರಿ ಮಾಡಿ ಎಸ್ಸೆಮ್ಮೆಸ್ ಕಳಿಸಿತು. ಈಗ ಬಸ್ ಹತ್ತಿರ ಇಬ್ಬರು ನಿಂತು ಕಂಡಕ್ಟರ್‌ಗೆ ಫೋನ್ ತೋರಿಸುತ್ತಾರೆ. ಇಬ್ಬರದ್ದೂ ನಿಜವಾದ ಟಿಕೆಟ್ಟೇ.

ತಪ್ಪು ಎಲ್ಲಿದೆ? ದುಡ್ಡು ಬಂದಾಗ ಕೋಡ್ ‘ಈ ಬುಕಿಂಗ್ ಖಾತ್ರಿ’ ಅಂತ ಮಾತ್ರ ಬರೆಯುತ್ತದೆ. ಸೀಟು ಇನ್ನೂ ಇವರ ಹೆಸರಲ್ಲೇ ಇದೆಯಾ ಅಂತ ಕೇಳುವುದಿಲ್ಲ. ಕೇಳಬೇಕಾದ ರೀತಿ ಇದು:

```sql
UPDATE seats
SET status = 'BOOKED'
WHERE trip_id = 481 AND seat_no = '12'
  AND status = 'HELD' AND booking_id = 7012;
```

ಕೊನೆಯ ಸಾಲೇ ಇಲ್ಲಿ ಮುಖ್ಯ. ಸೀಟು ಇನ್ನೂ ಹೋಲ್ಡ್‌ನಲ್ಲಿದ್ದು, ಅದೂ ಇದೇ ಬುಕಿಂಗ್‌ನ ಹೆಸರಲ್ಲಿದ್ದರೆ ಮಾತ್ರ ಬದಲಾಯಿಸು ಅಂತ ಅದು ಹೇಳುತ್ತದೆ. ಒಂದು ಸಾಲು ಬದಲಾಯಿತು ಅಂತ ಡೇಟಾಬೇಸ್ ಹೇಳಿದರೆ ಟಿಕೆಟ್ ಕೊಡಿ. ಸೊನ್ನೆ ಅಂದರೆ ಎರಡರಲ್ಲಿ ಒಂದು ಆಗಿದೆ. ಇದೇ ಬುಕಿಂಗ್ ಆಗಲೇ ಖಾತ್ರಿಯಾಗಿದ್ದರೆ ಅದೇ ಸಂದೇಶ ಎರಡನೇ ಸಲ ಬಂದಿದೆ, ಏನೂ ಮಾಡಬೇಡಿ. ಇಲ್ಲದಿದ್ದರೆ ಸೀಟು ಕೈತಪ್ಪಿದೆ, ದುಡ್ಡು ವಾಪಸ್ ಕಳಿಸಿ.

ಇಷ್ಟು ಗೊತ್ತಿದ್ದೂ ಹೋಗುವ ಮುಂಚೆ ಸರಿ ಮಾಡಿ ಹೋಗಬಾರದಿತ್ತಾ ಅಂತ ಕೇಳಬಹುದು. ಆ ಉತ್ತರ ನೋಟ್‌ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಹೊಸಬರು ‘ಹಳಬರಿಗೆ ತಿಳಿದಿರಲಿಲ್ಲ’ ಅಂದುಕೊಂಡು ಮೊದಲ ವಾರವೇ ಕೈ ಹಾಕುತ್ತಾರೆ.

## ಆ ಬಗ್ ಬಗ್ಗೆ ನೋಟ್‌ನಲ್ಲಿ ಹೇಗೆ ಬರೆಯುತ್ತಾರೆ

‘ಕೆಲವೊಮ್ಮೆ ಡಬಲ್ ಬುಕಿಂಗ್ ಆಗುತ್ತದೆ, ಗಮನಿಸಿ.’ ನಾನು ನೋಡಿದ ಎಷ್ಟೋ ನೋಟ್‌ಗಳಲ್ಲಿ ಇರುವುದು ಇಂಥ ಸಾಲುಗಳೇ. ಇದರಿಂದ ಹೊಸಬರಿಗೆ ಭಯ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ಕೆಲಸಕ್ಕೆ ಬರುವ ಬರಹ ಹೀಗಿರುತ್ತದೆ:

> ತಡವಾದ ಪೇಮೆಂಟ್‌ನಿಂದ ಒಂದೇ ಸೀಟಿಗೆ ಎರಡು ಟಿಕೆಟ್
> ಕಾಣುವುದು ಹೇಗೆ: ಹಬ್ಬದ ರಶ್‌ನಲ್ಲಿ ಬೋರ್ಡಿಂಗ್ ಹೊತ್ತಿಗೆ ಕಸ್ಟಮರ್ ಕೇರ್‌ಗೆ ಕರೆ ಬರುತ್ತದೆ. ಲಾಗ್‌ನಲ್ಲಿ ಎರರ್ ಏನೂ ಇರುವುದಿಲ್ಲ.
> ಎಲ್ಲಿ: `payment_webhook.py`, `confirm_booking` ಫಂಕ್ಷನ್. ಸೀಟಿನ ಸ್ಥಿತಿ ನೋಡುವುದಿಲ್ಲ.
> ಸದ್ಯಕ್ಕೆ: ಸಂಜೆ ಚಾರ್ಟ್ ಹೋಗುವ ಮುಂಚೆ ಕೆಳಗಿನ ಕ್ವೆರಿ ಓಡಿಸಿ. ಆ ದಿನದ ಬಸ್ಸಿನದ್ದು ಏನಾದರೂ ಬಂದರೆ, ದುಡ್ಡು ಆಮೇಲೆ ಬಂದವರಿಗೆ ಬೇರೆ ಸೀಟು, ಇಲ್ಲದಿದ್ದರೆ ರಿಫಂಡ್.
> ಮಾಡಬೇಡಿ: ಹೋಲ್ಡ್ 30 ನಿಮಿಷಕ್ಕೆ ಏರಿಸುವುದು. ಮಾಡಿ ನೋಡಿದ್ದೇವೆ. ದೀಪಾವಳಿಗೆ ಬಸ್ ಖಾಲಿ ಇದ್ದರೂ ಸೀಟು ಇಲ್ಲ ಅಂತ ತೋರಿಸಿತು.
> ಪೂರ್ತಿ ಪರಿಹಾರ: `UPDATE` ಷರತ್ತು ಸೇರಿಸುವುದು, ಆಟೊಮ್ಯಾಟಿಕ್ ರಿಫಂಡ್ ಬರೆಯುವುದು. ರಿಫಂಡ್‌ಗೆ ಅಕೌಂಟ್ಸ್‌ನವರ ಒಪ್ಪಿಗೆ ಬಾಕಿ.

ಅಲ್ಲಿ ಹೇಳಿದ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಇದು:

```sql
SELECT trip_id, seat_no, COUNT(*)
FROM bookings
WHERE status = 'CONFIRMED'
GROUP BY trip_id, seat_no
HAVING COUNT(*) > 1;
```

ಖಾತ್ರಿಯಾದ ಬುಕಿಂಗ್‌ಗಳಲ್ಲಿ ಒಂದೇ ಬಸ್ಸಿನ ಒಂದೇ ಸೀಟು ಒಂದಕ್ಕಿಂತ ಜಾಸ್ತಿ ಸಲ ಬಂದಿದ್ದರೆ ತೋರಿಸು ಅಂತ ಇದರ ಅರ್ಥ. ಹಳೆಯ ಬಸ್ಸುಗಳದ್ದೂ ಇದರಲ್ಲಿ ಬರುತ್ತದೆ, ಆ ದಿನದ ಬಸ್ಸಿನದ್ದು ಏನೂ ಇಲ್ಲದಿದ್ದರೆ ನೆಮ್ಮದಿ.

‘ಮಾಡಬೇಡಿ’ ಅನ್ನುವ ಸಾಲನ್ನು ಮತ್ತೊಮ್ಮೆ ನೋಡಿ. ಕೋಡ್ ಓದಿದರೆ ಈಗ ಏನಿದೆ ಅಂತ ತಿಳಿಯಬಹುದು. ಏನು ಮಾಡಿ ನೋಡಿ ಕೈಬಿಟ್ಟರು ಅನ್ನುವುದು ಕೋಡ್‌ನಲ್ಲಿ ಎಲ್ಲೂ ಇರುವುದಿಲ್ಲ, ಅದು ಹೋಗುವವರ ತಲೆಯಲ್ಲಿ ಮಾತ್ರ ಇರುತ್ತದೆ, ಹಾಗಾಗಿ ನೋಟ್‌ನಲ್ಲಿ ನನ್ನ ಮಟ್ಟಿಗೆ ಅತಿ ಬೆಲೆಬಾಳುವ ಸಾಲು ಅದೇ.

ಇಲ್ಲಿ ಇನ್ನೊಂದು ಬಲೆಯೂ ಇದೆ. ಸ್ವಲ್ಪ ಅನುಭವ ಇರುವ ಹೊಸಬರು ಇದನ್ನು ನೋಡಿದ ತಕ್ಷಣ ‘ಇದಕ್ಕೆ ಡೇಟಾಬೇಸ್‌ನಲ್ಲೇ ಯುನೀಕ್ ಇಂಡೆಕ್ಸ್ ಹಾಕಿದರಾಯ್ತಲ್ವಾ’ ಅನ್ನುತ್ತಾರೆ. ಅಂದರೆ ಒಂದು ಸೀಟಿಗೆ ಎರಡನೇ ಖಾತ್ರಿ ಬುಕಿಂಗ್ ಬಂದರೆ ಡೇಟಾಬೇಸೇ ಒಪ್ಪದಂತೆ ಮಾಡುವುದು. ಯೋಚನೆ ಸರಿ. ಆದರೆ ಹಳೆಯ ಡಬಲ್ ಬುಕಿಂಗ್‌ಗಳು ಟೇಬಲ್‌ನಲ್ಲಿ ಇನ್ನೂ ಇವೆ. ಅವು ಇರುವವರೆಗೆ ಇಂಡೆಕ್ಸ್ ಆಗುವುದೇ ಇಲ್ಲ. ಅವನ್ನು ಸರಿಪಡಿಸಿ ಇಂಡೆಕ್ಸ್ ಹಾಕಿದರು ಅಂದುಕೊಳ್ಳಿ. ಈಗ ತಡವಾದ ವೆಬ್‌ಹುಕ್ ಬಂದಾಗ ಡೇಟಾಬೇಸ್ ಎರರ್ ಕೊಡುತ್ತದೆ, ನಮ್ಮ ಸರ್ವರ್ ಗೇಟ್‌ವೇಗೆ ‘500’, ಅಂದರೆ ನನ್ನ ಕಡೆ ಏನೋ ಕೆಟ್ಟಿದೆ, ಅಂತ ಉತ್ತರಿಸುತ್ತದೆ. ಸಂದೇಶ ಮುಟ್ಟಲಿಲ್ಲ ಅಂದುಕೊಂಡು ಗೇಟ್‌ವೇ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಪ್ರತಿ ಸಲವೂ ಅದೇ ಎರರ್. ಸೀಟು ಉಳಿಯಿತು, ಮೊದಲನೆಯವರ ದುಡ್ಡು ಮಾತ್ರ ನಡುವೆ ಸಿಕ್ಕಿಕೊಂಡಿತು. ಅದಕ್ಕೇ ರಿಫಂಡ್ ಮೊದಲು, ಇಂಡೆಕ್ಸ್ ಆಮೇಲೆ. ಈ ಕ್ರಮವನ್ನೂ ನೋಟ್‌ನಲ್ಲಿ ಬರೆಯಬೇಕು.

## ನಾಜೂಕಿನ ಜಾಗ: ಐದೂವರೆ ಗಂಟೆಯ ಲೆಕ್ಕ

ಇನ್ನು ಎರಡನೆಯ ಬಗೆಗೆ ಬರೋಣ. ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಓಡುತ್ತದೆ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ನಮ್ಮ ಬಸ್ ಸೈಟಿನಲ್ಲಿ ಯಾರೋ ಯಾವತ್ತೋ ಚಾರ್ಟ್ ಮಾಡುವ ಕೋಡ್‌ನಲ್ಲಿ ಸರ್ವರ್ ಕೊಟ್ಟ ಸಮಯಕ್ಕೆ ನೇರವಾಗಿ 330 ನಿಮಿಷ ಕೂಡಿಸಿಬಿಟ್ಟಿದ್ದಾರೆ. ಸರಿಯಾದ ವಿಧಾನ ಅಲ್ಲ, ಆದರೂ ನಡೆಯುತ್ತಿದೆ. ಅಮೆರಿಕ, ಯೂರೋಪಿನ ಹಾಗೆ ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ 330 ಯಾವತ್ತೂ 330ಆಗಿಯೇ ಉಳಿದು ಈ ಅಡ್ಡದಾರಿ ಸಿಕ್ಕಿಬೀಳದೆ ಬದುಕಿದೆ.

ಈಗ ಹೊಸ ಡೆವಲಪರ್ ಬರುತ್ತಾರೆ. ಲಾಗ್‌ನಲ್ಲಿ ಸಮಯವೆಲ್ಲ ಐದೂವರೆ ಗಂಟೆ ಹಿಂದೆ ಕಾಣುವುದು ಕಿರಿಕಿರಿ. ಸರ್ವರ್‌ನ ಟೈಮ್‌ಝೋನ್ ಅನ್ನು `Asia/Kolkata` ಮಾಡುತ್ತಾರೆ. ಒಳ್ಳೆಯ ಉದ್ದೇಶವೇ. ಈಗ ಸರ್ವರ್ ಕೊಡುವುದೇ ಭಾರತದ ಸಮಯ, ಅದರ ಮೇಲೆ ಕೋಡ್ ಇನ್ನೂ 330 ನಿಮಿಷ ಕೂಡಿಸುತ್ತದೆ. ಸಂಜೆ 6:30ಕ್ಕೆ ಐದೂವರೆ ಗಂಟೆ ಸೇರಿಸಿದರೆ ರಾತ್ರಿ 12. ಅಂದರೆ 6:30 ಮತ್ತು ಅದರಾಚೆಗೆ ಹೊರಡುವ ಬಸ್ಸುಗಳೆಲ್ಲ ನಾಳೆಯ ಚಾರ್ಟ್‌ಗೆ ಹಾರಿಹೋಗುತ್ತವೆ. ರಾತ್ರಿ ಬಸ್ ಸೈಟ್ ಅಂದ ಮೇಲೆ ಹೆಚ್ಚುಕಮ್ಮಿ ಎಲ್ಲ ಬಸ್ಸೂ ಹೊರಡುವುದೇ ಆ ಹೊತ್ತಿಗೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಡ್ರೈವರ್‌ಗಳಿಗೆ ಚಾರ್ಟ್ ಕಳಿಸುವ ಕೆಲಸ ದಿನಾ ತಾನಾಗಿಯೇ ಓಡುತ್ತದೆ. ಅದನ್ನು ಓಡಿಸುವ ಪ್ರೋಗ್ರಾಂ ಹೆಸರು ಕ್ರಾನ್. ಅದರಲ್ಲಿ ಬರೆದಿರುವುದು ಹೀಗೆ:

```
30 12 * * * /opt/bus/send_chart.sh
```

ಓದಿದರೆ ಮಧ್ಯಾಹ್ನ 12:30 ಅನ್ನಿಸುತ್ತದೆ. ಯುಟಿಸಿಯ 12:30 ಅಂದರೆ ನಮ್ಮ ಸಂಜೆ 6:00. ಟೈಮ್‌ಝೋನ್ ಬದಲಾದರೆ ಚಾರ್ಟ್ ಮಧ್ಯಾಹ್ನವೇ ಹೊರಟುಹೋಗುತ್ತದೆ, ಆಮೇಲೆ ಬುಕ್ ಮಾಡಿದವರ ಹೆಸರು ಅದರಲ್ಲಿ ಇರುವುದಿಲ್ಲ. ಇದು ಬದಲಾಯಿಸಿದ ದಿನವೇ ಕಾಣಿಸಿಕೊಳ್ಳುತ್ತದೆ ಅಂತಲೂ ಇಲ್ಲ. ಎಷ್ಟೋ ಕಡೆ ಕ್ರಾನ್ ತಾನು ಶುರುವಾದಾಗ ಇದ್ದ ಟೈಮ್‌ಝೋನನ್ನೇ ಹಿಡಿದುಕೊಂಡಿರುತ್ತದೆ, ಮತ್ತೆ ಸ್ಟಾರ್ಟ್ ಆದಾಗಷ್ಟೇ ಹೊಸದನ್ನು ನೋಡುತ್ತದೆ. ಮೂರು ವಾರದ ನಂತರ ಸರ್ವರ್ ರೀಬೂಟ್ ಆದಾಗ ಚಾರ್ಟ್ ಎಡವಟ್ಟಾದರೆ, ಮೂರು ವಾರದ ಹಿಂದೆ ಮುಟ್ಟಿದ್ದು ಯಾರಿಗೆ ನೆನಪಿರುತ್ತದೆ?

ಈ ಜಾಗದ ಬಗ್ಗೆ ನೋಟ್‌ನಲ್ಲಿ ಎರಡು ಸಾಲು ಸಾಕು. ಸರ್ವರ್‌ನ ಟೈಮ್‌ಝೋನ್ ಬದಲಿಸಬೇಡಿ, ಬದಲಿಸಲೇಬೇಕಾದರೆ 330 ಎಂದು ಹುಡುಕಿ ಸಿಕ್ಕಿದ್ದನ್ನೂ ಕ್ರಾನ್ ಪಟ್ಟಿಯನ್ನೂ ಒಟ್ಟಿಗೇ ಬದಲಿಸಿ. ಸಂಜೆಯ ಚಾರ್ಟ್‌ನಲ್ಲಿ 6:30ರ ನಂತರದ ಬಸ್ಸೇ ಇಲ್ಲದಿದ್ದರೆ ಇದೇ ಕಾರಣ.

## ಕೋಡ್‌ನ ಹೊರಗಿರುವ ನಾಜೂಕು: ಎಸ್ಸೆಮ್ಮೆಸ್

ಇದು ನಮ್ಮ ದೇಶದ್ದೇ ವಿಷಯ. ಭಾರತದಲ್ಲಿ ಕಂಪನಿಗಳು ಕಳಿಸುವ ಎಸ್ಸೆಮ್ಮೆಸ್‌ನ ಒಕ್ಕಣೆಯನ್ನು ಮೊದಲೇ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮ ಅದು. ಹೆಸರು, ಸೀಟ್ ನಂಬರ್‌ನಂಥ ಬದಲಾಗುವ ಜಾಗಕ್ಕೆ ಬೇರೆಯೇ ಗುರುತು ಹಾಕಿರುತ್ತಾರೆ. ಉಳಿದ ಪದಗಳು ನೋಂದಾಯಿಸಿದ ಹಾಗೇ ಇರಬೇಕು. ಹೊಸ ಡೆವಲಪರ್ ‘ಹ್ಯಾಪಿ ಜರ್ನಿ’ ಅನ್ನುವುದನ್ನು ಕೋಡ್‌ನಲ್ಲಿ ‘ಶುಭ ಪ್ರಯಾಣ’ ಮಾಡಿದರೆ ಮೊಬೈಲ್ ಕಂಪನಿಯ ಹಂತದಲ್ಲಿ ಸಂದೇಶ ತಡೆಯಲ್ಪಡುತ್ತದೆ. ನಮ್ಮ ಲಾಗ್‌ನಲ್ಲಿ ಮಾತ್ರ ‘ಕಳಿಸಲಾಗಿದೆ’ ಅಂತಲೇ ಇರಬಹುದು, ಯಾಕೆಂದರೆ ನಡುವಿನ ಎಸ್ಸೆಮ್ಮೆಸ್ ಕಂಪನಿ ಅದನ್ನು ತೆಗೆದುಕೊಂಡಿರುತ್ತದೆ. ಮುಟ್ಟಿತಾ ಅಂತ ತಿಳಿಯಲು ಡೆಲಿವರಿ ರಿಪೋರ್ಟನ್ನೇ ನೋಡಬೇಕು.

ಕನ್ನಡದಲ್ಲಿ ಕಳಿಸುವುದಾದರೆ ಇನ್ನೊಂದು ಲೆಕ್ಕ. ಇಂಗ್ಲಿಷ್ ಅಕ್ಷರದ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ‘ಸ್ಟ್ಯಾ’ ಅನ್ನುವ ಒಂದು ಒತ್ತಕ್ಷರ ಆರು ಅಕ್ಷರದ ಜಾಗ ತಿನ್ನುತ್ತದೆ. ಬಿಲ್ ಯಾಕೆ ಏರಿತು ಅಂತ ಮುಂದೆ ಯಾರಾದರೂ ಕೇಳಿದಾಗ ನೋಟ್‌ನಲ್ಲಿ ಈ ಸಾಲು ಇದ್ದರೆ ಒಳ್ಳೆಯದು.

## ‘ಯಾರೂ ಬಳಸದ’ ಕೋಡ್

ಸತ್ತ ಕೋಡ್ ಎಷ್ಟು ದುಬಾರಿಯಾಗಬಹುದು ಅನ್ನುವುದಕ್ಕೆ ದಾಖಲೆಯಲ್ಲಿರುವ ಒಂದು ಘಟನೆ ಇದೆ. 2012ರ ಆಗಸ್ಟ್ 1. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಕಂಪನಿ ಹೊಸ ಕೋಡ್ ಹಾಕಿತ್ತು. ಅವರ ಬಳಿ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಒಂದಿತ್ತು. 2003ರಲ್ಲೇ ಅದರ ಬಳಕೆ ನಿಂತಿತ್ತು, ಆದರೆ ಅಳಿಸಿರಲಿಲ್ಲ. ಸಾಕಷ್ಟು ಷೇರು ಆಯಿತು, ಇನ್ನು ನಿಲ್ಲಿಸು ಅಂತ ಅದಕ್ಕೆ ಹೇಳುತ್ತಿದ್ದ ಲೆಕ್ಕದ ಭಾಗವನ್ನು 2005ರಲ್ಲಿ ಬೇರೆ ಕಡೆ ಸರಿಸಿದ್ದರು. ಬಳಸದ ಕೋಡ್ ಅಲ್ವಾ, ಆಮೇಲೆ ಪರೀಕ್ಷೆ ಮಾಡಿರಲಿಲ್ಲ.

ಹೊಸ ಕೋಡ್‌ಗೆ ಅದೇ ಹಳೆಯ ಸ್ವಿಚ್ಚನ್ನೇ ಮತ್ತೆ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದಕ್ಕೆ ಹೋಗಲಿಲ್ಲ. ಮಾರುಕಟ್ಟೆ ತೆರೆದಾಗ ಆ ಎಂಟನೆಯದರಲ್ಲಿ ಸ್ವಿಚ್ ಹಳೆಯ ಪವರ್ ಪೆಗ್ಗನ್ನು ಎಬ್ಬಿಸಿತು. ನಿಲ್ಲಿಸು ಅನ್ನುವವರಿಲ್ಲದೆ ಅದು ಆರ್ಡರ್ ಕಳಿಸುತ್ತಲೇ ಹೋಯಿತು. 212 ಗಿರಾಕಿ ಆರ್ಡರ್‌ಗಳಿಂದ 45 ನಿಮಿಷದಲ್ಲಿ 40 ಲಕ್ಷಕ್ಕೂ ಜಾಸ್ತಿ ವಹಿವಾಟು. ಕಂಪನಿ ಕಳೆದುಕೊಂಡದ್ದು 46 ಕೋಟಿ ಡಾಲರ್‌ಗೂ ಹೆಚ್ಚು ಅಂತ ಅಲ್ಲಿನ ನಿಯಂತ್ರಣ ಸಂಸ್ಥೆ ಎಸ್‌ಇಸಿ ದಾಖಲಿಸಿದೆ. ಗಾಬರಿಯಲ್ಲಿ ಅವರು ಉಳಿದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನೇ ತೆಗೆದರು. ಆಗ ಅವುಗಳಲ್ಲೂ ಹಳೆಯದೇ ಓಡತೊಡಗಿತು. ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಪವರ್ ಪೆಗ್ ಹೆಸರು ಹೊತ್ತ 97 ಇಮೇಲ್ ಅವರದ್ದೇ ವ್ಯವಸ್ಥೆಯಿಂದ ಬಂದಿದ್ದವು. ಅವು ಎಚ್ಚರಿಕೆಯ ಗಂಟೆ ಅಂತ ಯಾರೂ ತಿಳಿಯಲಿಲ್ಲ.

ಒಂದು ನೋಟ್ ಇದ್ದಿದ್ದರೆ ಎಲ್ಲ ತಪ್ಪುತ್ತಿತ್ತು ಅಂತ ಹೇಳಲಾಗದು, ಅಲ್ಲಿ ತಪ್ಪಿದ್ದು ಹಲವು ಕಡೆ. ಆದರೆ ನಾಜೂಕಿನ ಜಾಗಗಳ ಪಟ್ಟಿ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರಿಂದ ಸಿಗುತ್ತದೆ: ಓಡದ ಕೋಡ್ ಯಾವುದು, ಅದನ್ನು ಎಬ್ಬಿಸಬಲ್ಲ ಸ್ವಿಚ್ ಯಾವುದು? ನಮ್ಮ ಬಸ್ ಸೈಟಿನಲ್ಲಿ ಅದು ಹಳೆಯ ಪೇಮೆಂಟ್ ಗೇಟ್‌ವೇಯ ಕೋಡ್ ಇರಬಹುದು. ಗೇಟ್‌ವೇ ಬದಲಾದರೂ `USE_OLD_GATEWAY` ಅನ್ನುವ ಸೆಟ್ಟಿಂಗ್ ಹಾಗೇ ಕೂತಿರುತ್ತದೆ.

## ಒಬ್ಬರ ಹೆಸರಿಗೆ ಅಂಟಿಕೊಂಡಿರುವುದು

ಇದು ಕೋಡ್ ಅಲ್ಲ, ಹಾಗಾಗಿ ಮರೆತೇಹೋಗುತ್ತದೆ. ಕೋಡ್ ಇರುವ ಜಾಗಕ್ಕೆ ಹೋಗಲು ಸರ್ವರ್ ಬಳಸುವ ಟೋಕನ್ ಎಂಬ ಕೀಲಿ ಹೋಗುವವರ ಸ್ವಂತ ಅಕೌಂಟಿನದ್ದಾಗಿರಬಹುದು. ಡೊಮೈನ್ ನವೀಕರಣದ ಇಮೇಲ್ ಅವರಿಗೇ ಬರುತ್ತಿರಬಹುದು. ಗೇಟ್‌ವೇ ಲಾಗಿನ್‌ನ ಒಟಿಪಿ ಅವರ ಮೊಬೈಲ್‌ಗೆ ಹೋಗುತ್ತಿರಬಹುದು. ಕೊನೆಯ ದಿನ ಸಂಜೆ ಅವರ ಅಕೌಂಟ್ ಮುಚ್ಚಿದಾಗ ಇವೆಲ್ಲ ಒಟ್ಟಿಗೇ ನಿಲ್ಲುವುದಿಲ್ಲ, ಒಂದೊಂದೇ ನಿಲ್ಲುತ್ತಾ ಹೋಗುತ್ತವೆ. ಇದನ್ನು ಪತ್ತೆ ಮಾಡುವ ಸುಲಭ ಉಪಾಯ, ಅವರು ಇನ್ನೂ ಕಚೇರಿಯಲ್ಲಿರುವಾಗಲೇ, ಕೊನೆಯ ವಾರಕ್ಕೆ ಮೊದಲು, ಆ ಅಕೌಂಟನ್ನು ಒಂದು ದಿನ ನಿಲ್ಲಿಸಿ ನೋಡುವುದು. ಏನೇನು ಬಿದ್ದುಹೋಗುತ್ತದೋ ಅದೇ ಪಟ್ಟಿ.

ನೋಟ್‌ನಲ್ಲಿ ಪಾಸ್‌ವರ್ಡ್ ಬರೆಯಬಾರದು. ಯಾವ ಪಾಸ್‌ವರ್ಡ್ ಎಲ್ಲಿ ಇಟ್ಟಿದೆ, ಯಾರನ್ನು ಕೇಳಬೇಕು ಅಂತ ಬರೆದರೆ ಸಾಕು. ನೋಟ್ ಎಂಥೆಂಥವರ ಇಮೇಲ್‌ಗೋ ಫಾರ್ವರ್ಡ್ ಆಗುತ್ತದೆ.

## ನೋಟ್ ಸರಿಯಿದೆಯಾ ಅಂತ ತಿಳಿಯುವುದು ಹೇಗೆ?

ಓದಿ ‘ಅರ್ಥ ಆಯ್ತು’ ಅನ್ನುವುದಕ್ಕೆ ಬೆಲೆ ಇಲ್ಲ. ಹೊಸಬರು ನೋಟ್ ಒಂದನ್ನೇ ಇಟ್ಟುಕೊಂಡು ಕೆಲಸ ಮಾಡಬೇಕು, ಹಳಬರು ಪಕ್ಕದಲ್ಲಿ ಕೂತು ಕೀಬೋರ್ಡ್ ಮುಟ್ಟದೆ ನೋಡಬೇಕು. ಡಬಲ್ ಬುಕಿಂಗ್ ಕ್ವೆರಿ ಓಡಿಸಿ, ಒಂದು ರಿಫಂಡ್ ಕೈಯಾರೆ ಮಾಡಿ, ಪರೀಕ್ಷೆಯ ಸರ್ವರ್‌ನಲ್ಲಿ ಬೇಕೆಂದೇ 12 ನಿಮಿಷ ತಡವಾಗಿ ಒಂದು ವೆಬ್‌ಹುಕ್ ಕಳಿಸಿ. ಹೊಸಬರು ಎಲ್ಲಿ ತಲೆ ಎತ್ತಿ ‘ಸಾರ್, ಇದು?’ ಅಂತ ಕೇಳುತ್ತಾರೋ ಅಲ್ಲಿ ನೋಟ್‌ನಲ್ಲಿ ಒಂದು ಸಾಲು ಕಮ್ಮಿಯಿದೆ. ಅದನ್ನು ಬರೆಯಬೇಕಾದವರು ಹೊಸಬರೇ. ಹಳಬರಿಗೆ ಅದು ಎಷ್ಟು ಅಭ್ಯಾಸವಾಗಿರುತ್ತದೆ ಅಂದರೆ, ಹೇಳಬೇಕಾದ ವಿಷಯ ಅಂತಲೇ ಅವರಿಗೆ ಅನ್ನಿಸುವುದಿಲ್ಲ.

ಪ್ರತಿ ಬಗ್‌ನ ಪಕ್ಕದಲ್ಲಿ ಅದನ್ನು ಕೊನೆಗೆ ಪರೀಕ್ಷಿಸಿದ ತಾರೀಕು ಹಾಕಿಸಿ. ಮುಂದೆ ಅದು ಸರಿಹೋದಾಗ ಸಾಲನ್ನು ಅಳಿಸುವ ಬದಲು ಯಾವ ದಿನ, ಯಾವ ಬದಲಾವಣೆಯಿಂದ ಸರಿಯಾಯಿತು ಅಂತ ಕೆಳಗೆ ಸೇರಿಸಿ. ಕೋಡ್ ಸರಿಯಾಗಿ ತಿಂಗಳುಗಳಾದ ಮೇಲೂ ಹಳೆಯ ಟಿಕೆಟ್‌ನ ರಿಫಂಡ್ ಕೇಳಿಕೊಂಡು ಜನ ಬರುತ್ತಾರೆ, ಆಗ ಕಸ್ಟಮರ್ ಕೇರ್‌ನವರು ಹುಡುಕುವುದು ಅದೇ ತಾರೀಕನ್ನು.